ಖಾದಿಯೋ, ಖಾದಿಯಂತಹ ಬಟ್ಟೆಯೋ? ಮುದ್ರೆ, ಎಳೆ ಮತ್ತು ಬಿಲ್ಲಿನಿಂದ ಪರೀಕ್ಷಿಸುವ ಬಗೆ

ಅಂಕೋಲೆಯ ನನ್ನ ಕಕ್ಷಿದಾರರೊಬ್ಬರು ಮೂವತ್ತು ವರ್ಷಗಳಿಂದ ಜವಳಿ ವ್ಯಾಪಾರದಲ್ಲಿರುವವರು. 2025ರ ಆಗಸ್ಟ್ ತಿಂಗಳಲ್ಲಿ ಸ್ಥಳೀಯ ಸಂಘವೊಂದು ಅಕ್ಟೋಬರ್ 2ರ ಕಾರ್ಯಕ್ರಮಕ್ಕೆಂದು ಜುಬ್ಬಾ ಹೊಲಿಸುವ ಸಲುವಾಗಿ 600 ಮೀಟರ್ ಬಿಳಿ ಖಾದಿ ಬಟ್ಟೆ ಬೇಕೆಂದು ಅವರನ್ನು ಕೇಳಿತು. ಘಟ್ಟದ ಮೇಲಿನ ಸಗಟು ವ್ಯಾಪಾರಿಯೊಬ್ಬರಿಂದ ಮೀಟರಿಗೆ 74 ರೂಪಾಯಿಯಂತೆ ಮಾಲು ತರಿಸಿ, 118 ರೂಪಾಯಿಯಂತೆ ಸಂಘಕ್ಕೆ ಒಪ್ಪಿಸಿದರು. ಬಟ್ಟೆ ಒರಟಾಗಿತ್ತು, ಅಲ್ಲಲ್ಲಿ ಗಂಟು ಗಂಟಾಗಿ ದಪ್ಪ ಎಳೆಗಳಿದ್ದವು, ಥಾನಿನ ಮೇಲೆ ಹಚ್ಚಿದ ಚೀಟಿಯಲ್ಲಿ ಚರಕದ ಚಿತ್ರವೂ ಇತ್ತು. ಸಂಶಯಕ್ಕೆ ಕಾರಣವೇ ಕಾಣಲಿಲ್ಲ.

ಸಂಘದ ಸದಸ್ಯರಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಎಳವೆಯಲ್ಲಿ ಮನೆಯಲ್ಲಿಯೇ ನೂತು ಅಭ್ಯಾಸವಿದ್ದವರು. ಅವರು ಥಾನಿನ ತುದಿಯಿಂದ ಉದ್ದಕ್ಕೆ ಒಂದು ಎಳೆ, ಅಡ್ಡಕ್ಕೆ ಒಂದು ಎಳೆ ಕಿತ್ತು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಒಂದೇ ಮಾತು: "ಶೇಟರೇ, ನೇಯ್ದದ್ದು ಕೈಮಗ್ಗದಲ್ಲೇ ಇರಬಹುದು. ಆದರೆ ಈ ನೂಲು ಕೈಯಲ್ಲಿ ನೂತದ್ದಲ್ಲ."

ಮಾಲು ಪೂರ್ತಿ ಮರಳಿ ಬಂದಿತು. ಬಿಲ್ಲುಗಳನ್ನು ಹಿಡಿದು ನನ್ನ ಕಛೇರಿಗೆ ಬಂದ ಕಕ್ಷಿದಾರರ ಪ್ರಶ್ನೆ ಸರಳವಾಗಿತ್ತು: "ಸಾಹೇಬರೇ, ಇಷ್ಟು ವರ್ಷ ಬಟ್ಟೆ ಮುಟ್ಟಿ ವ್ಯಾಪಾರ ಮಾಡಿದ ನನ್ನ ಕೈ ತಪ್ಪಿದ್ದೆಲ್ಲಿ?" ಆ ಪ್ರಶ್ನೆಗೆ ಉತ್ತರವನ್ನು ಈ ಲೇಖನದಲ್ಲಿ ವಿವರವಾಗಿ ಕೊಡಲು ಯತ್ನಿಸಿದ್ದೇನೆ. ಕಾರವಾರ, ಅಂಕೋಲೆಗಳಲ್ಲಿ ಮಾರಾಟವಾಗುವ ಖಾದಿಯ ಬಹುಭಾಗ ಹೊರಗಿನಿಂದ ಬರುವಂಥದು. ಅದು ತಯಾರಾಗುವುದನ್ನು ನಮ್ಮ ವರ್ತಕರು ಕಣ್ಣಾರೆ ಕಾಣುವ ಸಂದರ್ಭ ಕಡಿಮೆ. ಆದ್ದರಿಂದ ಕೈಗೆ ಬಂದ ಥಾನನ್ನೇ ಓದಲು ಕಲಿಯಬೇಕಾಗುತ್ತದೆ.

ಕಾನೂನು ಖಾದಿಯೆಂದು ಕರೆಯುವುದು ಯಾವುದನ್ನು?

1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅಧಿನಿಯಮವು ಖಾದಿಗೆ ಸ್ಪಷ್ಟವಾದ ವ್ಯಾಖ್ಯೆಯನ್ನು ಕೊಟ್ಟಿದೆ. ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲನ್ನು, ಇಲ್ಲವೇ ಅವುಗಳಲ್ಲಿ ಎರಡು ಅಥವಾ ಮೂರರ ಮಿಶ್ರಣವನ್ನು, ಭಾರತದಲ್ಲಿಯೇ ಕೈಮಗ್ಗದ ಮೇಲೆ ನೇಯ್ದ ಬಟ್ಟೆಯೇ ಖಾದಿ. ಇಲ್ಲಿ ಎರಡು ಷರತ್ತುಗಳಿವೆ: ನೂಲುವುದೂ ಕೈಯಿಂದ, ನೇಯುವುದೂ ಕೈಯಿಂದ. ಒಂದು ತಪ್ಪಿದರೂ ಅದು ಖಾದಿಯಲ್ಲ.

ಈ ಎರಡು ಷರತ್ತುಗಳನ್ನು ಮುಂದಿಟ್ಟುಕೊಂಡರೆ ಮಾರುಕಟ್ಟೆಯಲ್ಲಿರುವ ಬಟ್ಟೆಗಳು ತಾವಾಗಿಯೇ ವಿಂಗಡವಾಗುತ್ತವೆ. ಗಿರಣಿಯ ನೂಲನ್ನು ಗಿರಣಿ ಅಥವಾ ವಿದ್ಯುತ್ ಮಗ್ಗದಲ್ಲಿ ನೇಯ್ದರೆ ಅದು ಗಿರಣಿ ಬಟ್ಟೆ. ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ. ಯೋಗ್ಯವಾದ ಬಟ್ಟೆಯೇ, ಆದರೆ ಖಾದಿಯಲ್ಲ. ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣವನ್ನು ಚರಕದಲ್ಲಿ ನೂತು ಕೈಮಗ್ಗದಲ್ಲಿ ನೇಯ್ದದ್ದು ಪಾಲಿವಸ್ತ್ರ. ಇದನ್ನು ಆಯೋಗವೇ ಪ್ರೋತ್ಸಾಹಿಸುತ್ತದೆ, ಖಾದಿ ಭಂಡಾರಗಳಲ್ಲಿಯೂ ದೊರೆಯುತ್ತದೆ. ಆದರೂ ವ್ಯಾಖ್ಯೆಯ ಪ್ರಕಾರ ಅದು ಖಾದಿಯಲ್ಲ.

ನನ್ನ ಕಕ್ಷಿದಾರರ ಕೈ ತಪ್ಪಿದ್ದು ಇಲ್ಲಿಯೇ. ಅವರು ಬಟ್ಟೆಯನ್ನು ಮುಟ್ಟಿ ನೋಡಿದರು, ಎಳೆಯನ್ನು ನೋಡಲಿಲ್ಲ. ಬಟ್ಟೆಯನ್ನು ಸವರಿದಾಗ ಮುಖ್ಯವಾಗಿ ತಿಳಿಯುವುದು ನೇಯ್ಗೆಯ ಗುಣ ಮತ್ತು ಗಂಜಿಯ ಗುಣ. ಖಾದಿಯನ್ನು ಕೈಮಗ್ಗದ ಬಟ್ಟೆಯಿಂದ ಬೇರ್ಪಡಿಸುವುದು ನೂಲು ಮಾತ್ರ.

ಮುದ್ರೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

2013ರಲ್ಲಿ ಜಾರಿಗೆ ಬಂದ ಖಾದಿ ಮಾರ್ಕ್ ನಿಯಮಾವಳಿಯ ಪ್ರಕಾರ ಖಾದಿ ಮಾರ್ಕ್ ಚೀಟಿ ಅಥವಾ ಪಟ್ಟಿಯಿಲ್ಲದೆ ಯಾವ ಬಟ್ಟೆಯನ್ನೂ ಖಾದಿಯೆಂಬ ಹೆಸರಿನಲ್ಲಿ ಮಾರುವಂತಿಲ್ಲ. ಈ ಮಾತು ಖಾದಿ ಸಂಸ್ಥೆಗಳಿಗೆ ಮಾತ್ರವಲ್ಲ, ಖಾದಿಯೆಂದು ಹೇಳಿ ಮಾರುವ ಪ್ರತಿಯೊಬ್ಬರಿಗೂ ಅನ್ವಯಿಸುತ್ತದೆ. ಆದುದರಿಂದ ಮುದ್ರೆಯಿಲ್ಲದ ಥಾನಿನ ಮೇಲೆ ಮುಂದಿನ ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ. ಅದು ಒಂದು ವೇಳೆ ನಿಜವಾದ ಕೈನೂಲಿನ ಬಟ್ಟೆಯೇ ಆಗಿದ್ದರೂ ಅದನ್ನು ಖಾದಿಯೆಂದು ಮಾರಲು ವರ್ತಕನಿಗೆ ಅವಕಾಶವಿಲ್ಲ.

ಮುದ್ರೆ ಇದ್ದಾಗಲೂ ಮೂರು ವಿಷಯಗಳಲ್ಲಿ ಎಚ್ಚರ ಬೇಕು. ಮೊದಲನೆಯದಾಗಿ, ಚರಕದ ಚಿತ್ರ ಖಾದಿ ಮಾರ್ಕ್ ಅಲ್ಲ. ಚರಕದ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು; ನನ್ನ ಕಕ್ಷಿದಾರರ ಥಾನಿನ ಮೇಲಿದ್ದದ್ದು ಅಂಥದೇ ಚೀಟಿ. ಖಾದಿ ಮಾರ್ಕ್ ಹೇಗಿರುತ್ತದೆಂಬುದನ್ನು ಪ್ರಮಾಣಿತ ಖಾದಿ ಭಂಡಾರದಲ್ಲಿ ಒಂದು ಸಣ್ಣ ತುಂಡು ಬಟ್ಟೆ ಕೊಂಡು, ಅದರ ಚೀಟಿಯನ್ನು ಬಿಲ್ಲಿನೊಡನೆ ಅಂಗಡಿಯಲ್ಲಿ ಇಟ್ಟುಕೊಳ್ಳುವುದು ಲೇಸು. ನಂತರ ಬರುವ ಪ್ರತಿ ಚೀಟಿಯನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು.

ಎರಡನೆಯದಾಗಿ, ಅಂಗಡಿಯ ಹೆಸರಿನಲ್ಲಿ ಅಥವಾ ಸಾಮಾನಿನ ಹೆಸರಿನಲ್ಲಿ "ಖಾದಿ" ಎಂದಿರುವುದು ಪುರಾವೆಯಲ್ಲ. ಆಯೋಗದ ಮಳಿಗೆಗಳಲ್ಲಿ ಜೇನುತುಪ್ಪ, ಸಾಬೂನು, ಊದುಬತ್ತಿಯಂತಹ ಗ್ರಾಮೋದ್ಯೋಗದ ಪದಾರ್ಥಗಳೂ ಅದೇ ಹೆಸರಿನ ಅಡಿಯಲ್ಲಿ ಮಾರಾಟವಾಗುತ್ತವೆ. ಹಾಗೆಯೇ ರಾಷ್ಟ್ರಧ್ವಜವೆಂದರೆ ಖಾದಿಯೇ ಎಂಬ ಹಳೆಯ ನಂಬಿಕೆಯೂ ಈಗ ಸಲ್ಲದು. ನಮ್ಮ ನೆರೆಯ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೋದ ಪ್ರಮಾಣಮುದ್ರೆಯೊಡನೆ ಖಾದಿ ಧ್ವಜಗಳನ್ನು ತಯಾರಿಸುತ್ತ ಬಂದಿದೆ. ಆದರೆ 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ದೊರೆತಿದೆ. ಶಾಲೆ, ಕಛೇರಿಗಳಿಗೆ ಧ್ವಜ ಒದಗಿಸುವವರು ಬಿಲ್ಲಿನಲ್ಲಿ ರೂಢಿಯಂತೆ "ಖಾದಿ ಧ್ವಜ" ಎಂದು ಬರೆಯುವ ಮೊದಲು ಒಮ್ಮೆ ನೋಡಿಕೊಳ್ಳಬೇಕು.

ಮೂರನೆಯದಾಗಿ, ಪ್ರಮಾಣಪತ್ರ ಒಮ್ಮೆ ದೊರೆತರೆ ಶಾಶ್ವತವಲ್ಲ, ಅದನ್ನು ಹಿಂತೆಗೆದುಕೊಳ್ಳಲೂಬಹುದು. ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಯಲ್ಲಿ 1954ರಿಂದ ಖಾದಿ ಎಂಪೋರಿಯಂ ನಡೆಸಿಕೊಂಡು ಬಂದಿದ್ದ ಸಂಸ್ಥೆಯ ಪ್ರಮಾಣಪತ್ರವನ್ನು ಆಯೋಗವು 2022ರಲ್ಲಿ ರದ್ದು ಮಾಡಿತು. ಅಲ್ಲಿ ಖಾದಿಯಲ್ಲದ ಬಟ್ಟೆ ಮಾರಾಟವಾಗುತ್ತಿದೆಯೆಂಬುದು ಆಯೋಗದ ಆಕ್ಷೇಪವಾಗಿತ್ತು. ಅಷ್ಟು ಹಳೆಯ ಹೆಸರಿನ ವಿಷಯದಲ್ಲಿಯೇ ಹೀಗಾಗಿರುವಾಗ, ನಮಗೆ ಮಾಲು ಕಳುಹಿಸುವ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ತರಿಸಿಕೊಂಡು, ಅದರ ಅವಧಿ ಮುಗಿದಿಲ್ಲವೆಂದು ನೋಡಿ, ಸಂಸ್ಥೆಯ ಹೆಸರು ಆಯೋಗದ ಪ್ರಮಾಣಿತ ಸಂಸ್ಥೆಗಳ ಪಟ್ಟಿಯಲ್ಲಿ ಇಂದಿಗೂ ಇದೆಯೇ ಎಂದು ವಿಚಾರಿಸುವುದು ಅತಿಯಾದ ಜಾಗರೂಕತೆಯೇನಲ್ಲ. ಮಧ್ಯವರ್ತಿಯ ಮೂಲಕ ಮಾಲು ಬಂದಾಗ ಚೀಟಿಯ ಮೇಲಿನ ಹೆಸರು, ಪ್ರಮಾಣಪತ್ರದ ಹೆಸರು, ಬಿಲ್ಲಿನ ಹೆಸರು ಇವು ಮೂರೂ ಒಂದಕ್ಕೊಂದು ಹೇಗೆ ಕೂಡುತ್ತವೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಎಳೆಯನ್ನು ಓದುವ ಬಗೆ

ಈಗ ಮಾಸ್ತರರು ಮಾಡಿದ ಪರೀಕ್ಷೆಗೆ ಬರೋಣ. ಅದಕ್ಕೆ ಬೇಕಾದುದು ಒಂದು ಸೂಜಿ, ಒಂದು ಭೂತಗನ್ನಡಿ ಮತ್ತು ಕಪ್ಪು ಕಾಗದ ಅಥವಾ ಬಟ್ಟೆ. ಥಾನಿನ ಅಂಚಿಗೆ ಸಮಾನಾಂತರವಾಗಿ ಓಡುವ ಎಳೆಗಳು ಹಾಸು. ಅಂಚಿನಿಂದ ಅಂಚಿಗೆ ಅಡ್ಡ ಹಾಯುವವು ಹೊಕ್ಕು. ಎರಡೂ ದಿಕ್ಕಿನಿಂದ ಒಂದೊಂದು ಗೇಣುದ್ದದ ನಾಲ್ಕಾರು ಎಳೆಗಳನ್ನು ಬಿಡಿಸಿ ಕಪ್ಪು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಇಡಬೇಕು.

ಗಿರಣಿಯ ನೂಲಾದರೆ ನಾಲ್ಕು ಎಳೆಗಳೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುತ್ತವೆ. ದಪ್ಪದಲ್ಲಾಗಲಿ ಹುರಿಯಲ್ಲಾಗಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು. ಕೈನೂಲಿನಲ್ಲಿ ಎರಡು ಬಗೆಯ ವ್ಯತ್ಯಾಸಗಳಿರುತ್ತವೆ. ಒಂದೇ ಎಳೆಯ ಉದ್ದಕ್ಕೂ ದಪ್ಪ ಏರಿಳಿಯುತ್ತದೆ. ಎಳೆ ಕಡಿದಾಗ ಜೋಡಿಸಿದ ಜಾಗ ತುಸು ಉಬ್ಬಿರುತ್ತದೆ. ಅದಕ್ಕಿಂತ ಮುಖ್ಯವಾದುದು, ಪಕ್ಕಪಕ್ಕದ ಎಳೆಗಳ ನಡುವಿನ ವ್ಯತ್ಯಾಸ. ಒಂದು ಥಾನಿಗೆ ಬೇಕಾದ ಲಡಿಗಳು ಹಲವು ನೂಲುವವರ ಕೈಯಿಂದ ಬಂದಿರುತ್ತವೆ. ಒಬ್ಬರ ನೂಲು ಸ್ವಲ್ಪ ಬಿಗಿ, ಇನ್ನೊಬ್ಬರದು ಸ್ವಲ್ಪ ಸಡಿಲ. ಆ ಬೆರಕೆ ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಕಾಣಿಸುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತೊಡೆದುಹಾಕಬೇಕು. ಖಾದಿಯೆಂದರೆ ಒರಟಾಗಿಯೇ, ಗಂಟು ಗಂಟಾಗಿಯೇ ಇರಬೇಕೆಂದು ಅನೇಕರು ತಿಳಿದಿದ್ದಾರೆ. ಇಂದಿನ ಖಾದಿ ನೂಲು ಬಹುಮಟ್ಟಿಗೆ ತಯಾರಾಗುವುದು ಅಂಬರ ಚರಕದ ಪರಂಪರೆಯ, ಹಲವು ಕದಿರುಗಳ ಹೊಸ ಮಾದರಿಯ ಚರಕಗಳಲ್ಲಿ. ಅವುಗಳಿಗೆ ಬೇಕಾದ ಹಂಜಿಯನ್ನು ಆಯೋಗದ ಕೇಂದ್ರೀಯ ಹಂಜಿ ಘಟಕಗಳು ಯಂತ್ರದಿಂದ ಸಿದ್ಧಪಡಿಸಿ ಕೊಡುತ್ತವೆ; ಅಂತಹ ಘಟಕವೊಂದು ನಮ್ಮ ರಾಜ್ಯದ ಚಿತ್ರದುರ್ಗದಲ್ಲಿದೆ. ಹತ್ತಿ ಹಿಂಜುವುದು, ಹಂಜಿ ಮಾಡುವುದು ಯಂತ್ರದಿಂದ; ನೂಲುವುದು ಕೈಯಿಂದ. ಹೀಗಾಗಿ ಒಳ್ಳೆಯ ಖಾದಿ ಸಾಕಷ್ಟು ಸಮನಾಗಿಯೂ ನಯವಾಗಿಯೂ ಇರಬಲ್ಲದು. ನಯವಾಗಿದೆಯೆಂದು ಖಾದಿಯನ್ನು ತಳ್ಳಿಹಾಕುವುದೂ ತಪ್ಪು, ಒರಟಾಗಿದೆಯೆಂದು ಗಿರಣಿ ಬಟ್ಟೆಯನ್ನು ಒಪ್ಪಿಕೊಳ್ಳುವುದೂ ತಪ್ಪು.

ಎರಡನೆಯ ತಪ್ಪಿಗೇ ಹೆಚ್ಚಿನವರು ಗುರಿಯಾಗುತ್ತಾರೆ. ಏಕೆಂದರೆ ಖಾದಿಯ ನೋಟ ಕೊಡಲೆಂದೇ ಗಿರಣಿಗಳು ಅಲ್ಲಲ್ಲಿ ಉಬ್ಬಿದ ಎಳೆಯ ನೂಲನ್ನು ಬೇಕೆಂದೇ ತಯಾರಿಸುತ್ತವೆ. ಇದಕ್ಕೆ ವ್ಯಾಪಾರದಲ್ಲಿ ಸ್ಲಬ್ ನೂಲು ಎನ್ನುತ್ತಾರೆ. ನನ್ನ ಕಕ್ಷಿದಾರರ ಬಟ್ಟೆಯಲ್ಲಿದ್ದದ್ದೂ ಇದೇ. ಇದನ್ನು ಗುರುತಿಸಲು ಉಬ್ಬನ್ನು ನೋಡಬಾರದು. ಎರಡು ಉಬ್ಬುಗಳ ನಡುವಿನ ಎಳೆಯನ್ನು ನೋಡಬೇಕು. ಸ್ಲಬ್ ನೂಲಿನಲ್ಲಿ ಆ ನಡುವಿನ ಭಾಗ ಗಿರಣಿಯ ನೂಲಿನಂತೆಯೇ ಏಕಸಮನಾಗಿರುತ್ತದೆ. ಉಬ್ಬುಗಳೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿರುತ್ತವೆ. ಕೈನೂಲಿನಲ್ಲಿ ಏರಿಳಿತ ಎಲ್ಲೆಡೆಯೂ ಹರಡಿರುತ್ತದೆ, ಯಾವ ಎರಡು ಉಬ್ಬುಗಳೂ ಒಂದೇ ತರಹ ಇರುವುದಿಲ್ಲ. ಸಾಮಾನ್ಯವಾಗಿ ಸ್ಲಬ್ ನೂಲನ್ನು ಹೊಕ್ಕಿಗೆ ಮಾತ್ರ ಬಳಸಿ, ಹಾಸಿಗೆ ಸಾದಾ ಗಿರಣಿ ನೂಲನ್ನೇ ಇಟ್ಟಿರುತ್ತಾರೆ. ಮಾಸ್ತರರು ಉದ್ದದ ಎಳೆಯನ್ನು ಮೊದಲು ಕಿತ್ತದ್ದರ ಮರ್ಮವಿದು.

ಹಾಸಿಗೆ ಗಿರಣಿ ನೂಲು, ಹೊಕ್ಕಿಗೆ ನಿಜವಾದ ಕೈನೂಲು ಹಾಕುವ ಪದ್ಧತಿಯೂ ಬಹಳ ಹಳೆಯದು. ಮಗ್ಗದ ಮೇಲೆ ಹಾಸು ಸದಾ ಬಿಗಿಯಾಗಿ ಎಳೆದು ನಿಲ್ಲುವುದರಿಂದ ಅದಕ್ಕೆ ಬಲವಾದ ನೂಲು ಬೇಕು. ಕೈನೂಲು ಪದೇ ಪದೇ ಕಡಿದರೆ ನೇಕಾರನ ಕೂಲಿ ಕೆಡುತ್ತದೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿಯೇ ಇಂತಹ ಬಟ್ಟೆಗೆ ಅರ್ಧ ಖಾದಿಯೆಂಬ ಹೆಸರಿತ್ತು. ಈ ಬಟ್ಟೆಯನ್ನು ಅಡ್ಡ ಎಳೆಯಿಂದ ಮಾತ್ರ ಪರೀಕ್ಷಿಸಿದರೆ ಅದು ಖಾದಿಯೆಂದೇ ತೇರ್ಗಡೆಯಾಗುತ್ತದೆ.

ಇನ್ನು ಅಂಚು. ಆಧುನಿಕ ಲಾಳಿಯಿಲ್ಲದ ಮಗ್ಗಗಳ ಬಟ್ಟೆಯಲ್ಲಿ ಹೊಕ್ಕಿನ ಎಳೆಗಳು ಅಂಚಿನಲ್ಲಿ ಕತ್ತರಿಸಿದಂತೆ ಕುಚ್ಚಾಗಿ ನಿಲ್ಲುತ್ತವೆ. ಅಂತಹ ಅಂಚು ಕಂಡರೆ ಅದು ಕೈಮಗ್ಗದ್ದಲ್ಲವೆಂದು ನಿರ್ಧರಿಸಬಹುದು. ಆದರೆ ಎಳೆ ತಿರುಗಿ ಬಂದು ಮುಚ್ಚಿದ ಅಂಚು ಕೈಮಗ್ಗದಲ್ಲಿಯೂ ಇರುತ್ತದೆ, ಲಾಳಿಯಿರುವ ವಿದ್ಯುತ್ ಮಗ್ಗದಲ್ಲಿಯೂ ಇರುತ್ತದೆ. ಆದ್ದರಿಂದ ಮುಚ್ಚಿದ ಅಂಚು ಯಾವುದನ್ನೂ ಸಿದ್ಧಪಡಿಸುವುದಿಲ್ಲ. ಪಾಲಿಯೆಸ್ಟರ್ ಬೆರಕೆಯ ಸಂಶಯವಿದ್ದರೆ ನಾಲ್ಕು ಎಳೆಗಳನ್ನು ಹೊಸೆದು ಚಿಮಟದಲ್ಲಿ ಹಿಡಿದು ಸುಡಬೇಕು. ಹತ್ತಿ ಕಾಗದದಂತೆ ಸುಟ್ಟು ಹಗುರವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ, ಆರಿದ ಮೇಲೆ ಬೆರಳಿಗೆ ಗಟ್ಟಿಯಾದ ಹರಳು ಸಿಗುತ್ತದೆ.

ನಮ್ಮ ಕರಾವಳಿಯ ಹವೆ ಮಾಡುವ ಮೋಸ

ಮುಟ್ಟಿ ನೋಡುವ ಪರೀಕ್ಷೆಗೆ ಕಾರವಾರ, ಅಂಕೋಲೆಗಳಲ್ಲಿ ಇನ್ನೊಂದು ತೊಡಕಿದೆ. ಹತ್ತಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪರೀಕ್ಷಾಲಯದ ಪ್ರಮಾಣಿತ ಹವೆಯಲ್ಲಿ ಹತ್ತಿಯ ತೇವಾಂಶವನ್ನು ಒಣ ತೂಕದ ಶೇಕಡಾ 8.5 ಎಂದು ಗಣಿಸುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ಇನ್ನೂ ಏರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹೀರುವುದಿಲ್ಲ. ಹಾಗಾಗಿ ಧಾರವಾಡದ ಒಣ ಹವೆಯಲ್ಲಿ ಗರಿಗರಿಯಾಗಿದ್ದ ಥಾನು ಜುಲೈ ತಿಂಗಳಲ್ಲಿ ಅಂಕೋಲೆಗೆ ಇಳಿದಾಗ ಗಂಜಿ ಮೆತ್ತಗಾಗಿ, ಬಟ್ಟೆ ತೂಕವಾಗಿ, ಕೈಗೆ ತಂಪಾಗಿ ತೋರುತ್ತದೆ. ಈ ತಂಪನ್ನೇ ಖಾದಿಯ ಗುಣವೆಂದು ಭಾವಿಸುವವರಿದ್ದಾರೆ. ಅದು ಹತ್ತಿಯ ಗುಣ. ಗಿರಣಿಯ ಹತ್ತಿ ಬಟ್ಟೆಯೂ ಹಾಗೆಯೇ ತೋರುತ್ತದೆ.

ಗಂಜಿಯೂ ಮೋಸ ಮಾಡಬಲ್ಲದು. ತೆಳುವಾದ ಬಟ್ಟೆಗೆ ದಟ್ಟವಾದ ಗಂಜಿ ಹಾಕಿದರೆ ಒರಟುತನ ಮತ್ತು ತೂಕ ಎರಡೂ ಬರುತ್ತವೆ. ಆದ್ದರಿಂದ ಪರೀಕ್ಷೆಗೆಂದು ಒಂದು ಗೇಣು ತುಂಡನ್ನು ಬಿಸಿನೀರಿನಲ್ಲಿ ಚೆನ್ನಾಗಿ ಒಗೆದು, ಬಿಸಿಲು ಬಂದ ದಿನ ಪೂರ್ತಿ ಒಣಗಿಸಿ, ಆಮೇಲೆ ಮುಟ್ಟಿ ನೋಡುವುದು ಸರಿಯಾದ ಕ್ರಮ. ಎಳೆಯ ನಿಜರೂಪ ಗಂಜಿ ಹೋದ ಮೇಲೆಯೇ ತಿಳಿಯುವುದು.

ಬೆಲೆಯ ಲೆಕ್ಕ

ನಾನು ಲೆಕ್ಕಪರಿಶೋಧಕ, ನೂಲಿನ ಜಾಣ ಅಲ್ಲ. ನನಗೆ ಈ ಪ್ರಕರಣದಲ್ಲಿ ಮೊದಲು ಸಂಶಯ ಹುಟ್ಟಿಸಿದ್ದು 74 ರೂಪಾಯಿಯೆಂಬ ಅಂಕಿ. ಖಾದಿಯಲ್ಲಿ ನೂಲುವವರಿಗೆ ಕೂಲಿ ಕೊಡುವುದು ಲಡಿಗೆ ಇಷ್ಟೆಂದು. ಒಂದು ಲಡಿಯೆಂದರೆ 1,000 ಮೀಟರ್ ನೂಲು. ಈ ಕೂಲಿ 2025ರ ಏಪ್ರಿಲ್ 1ರಿಂದ ಲಡಿಗೆ 15 ರೂಪಾಯಿ. ಒಂದು ಮೀಟರ್ ಬಟ್ಟೆಗೆ ಎಷ್ಟು ಲಡಿ ಬೇಕೆಂದು ತಿಳಿದರೆ ಬೆಲೆಯ ತಳಮಟ್ಟ ತಾನಾಗಿ ಸಿಗುತ್ತದೆ.

ಆ ಥಾನಿನ ಅಗಲ 36 ಅಂಗುಲ. ಭೂತಗನ್ನಡಿಯಲ್ಲಿ ಎಣಿಸಿದಾಗ ಅಂಗುಲಕ್ಕೆ ಹಾಸಿನಲ್ಲಿ 46, ಹೊಕ್ಕಿನಲ್ಲಿ 44 ಎಳೆಗಳು ಸಿಕ್ಕವು. ಹಾಸಿನ ಎಳೆಗಳು 36ನ್ನು 46ರಿಂದ ಗುಣಿಸಿದರೆ 1,656; ಒಂದು ಮೀಟರ್ ಬಟ್ಟೆಯಲ್ಲಿ ಪ್ರತಿಯೊಂದೂ ಒಂದು ಮೀಟರ್ ಉದ್ದ, ಆದ್ದರಿಂದ 1,656 ಮೀಟರ್ ನೂಲು. ಒಂದು ಮೀಟರಿನಲ್ಲಿ 39.37 ಅಂಗುಲಗಳಿರುವುದರಿಂದ ಹೊಕ್ಕಿನ ಎಳೆಗಳು ಸುಮಾರು 1,732. ಪ್ರತಿಯೊಂದೂ ಬಟ್ಟೆಯ ಅಗಲದಷ್ಟು, ಅಂದರೆ 0.914 ಮೀಟರ್ ಉದ್ದ. ಒಟ್ಟು 1,583 ಮೀಟರ್. ಎರಡೂ ಸೇರಿ ಸುಮಾರು 3,240 ಮೀಟರ್. ಎಳೆಗಳು ಒಂದರ ಮೇಲೊಂದು ಬಳುಕಿ ಹಾಯುವುದರಿಂದಲೂ ನೇಯುವಾಗ ಸ್ವಲ್ಪ ನಷ್ಟವಾಗುವುದರಿಂದಲೂ ಶೇಕಡಾ 5 ಸೇರಿಸಿದರೆ 3,400 ಮೀಟರ್, ಅಂದರೆ ಮೂರೂವರೆ ಲಡಿಗೆ ಸ್ವಲ್ಪ ಕಡಿಮೆ.

ಅದು ನಿಜವಾಗಿ ಹೊಸದಾಗಿ ತಯಾರಾದ ಖಾದಿಯಾಗಿದ್ದರೆ ನೂಲುವ ಕೂಲಿಯೇ ಮೀಟರಿಗೆ 51 ರೂಪಾಯಿ ಆಗಬೇಕಿತ್ತು. ಉಳಿದ 23 ರೂಪಾಯಿಯಲ್ಲಿ ಹತ್ತಿ, ನೇಯ್ಗೆಯ ಕೂಲಿ, ಬಿಳುಪು ಮಾಡುವುದು, ಸಾಗಾಟ, ಸಂಸ್ಥೆಯ ಖರ್ಚು, ಅದರ ಮೇಲೆ ಸಗಟು ವ್ಯಾಪಾರಿಯ ಲಾಭ ಎಲ್ಲವೂ ಅಡಗಬೇಕು. ಅದು ಸಾಧ್ಯವಿಲ್ಲದ ಮಾತು.

ಈ ಲೆಕ್ಕಕ್ಕೂ ಮಿತಿಯಿದೆ. ನೂಲುವ ಕೂಲಿ 2023ರ ಏಪ್ರಿಲ್‌ಗೆ ಮೊದಲು ಲಡಿಗೆ 7.50 ರೂಪಾಯಿ, ಅಲ್ಲಿಂದ 10, 2024ರ ಅಕ್ಟೋಬರ್‌ನಿಂದ 12.50 ಇತ್ತು; ಹಳೆಯ ದಾಸ್ತಾನಿನ ತಳಬೆಲೆ ಅಷ್ಟರಮಟ್ಟಿಗೆ ಕಡಿಮೆಯಿರುತ್ತದೆ. ಗಾಂಧಿ ಜಯಂತಿಯ ಸುಮಾರಿಗೆ ರಿಯಾಯಿತಿ ದರದ ಮಾರಾಟವೂ ಇರುತ್ತದೆ. ದಪ್ಪ ನೂಲಿನ, ವಿರಳ ನೇಯ್ಗೆಯ ಬಟ್ಟೆಗೆ ಲಡಿಗಳೂ ಕಡಿಮೆ ಸಾಕು. ಆದರೆ ಈ ಕಾರಣಗಳಲ್ಲಿ ಯಾವುದು ಅನ್ವಯಿಸುತ್ತದೆಂದು ಮಾರುವವನು ಹೇಳಲು ಶಕ್ತನಾಗಿರಬೇಕು. ಬೆಲೆ ಹೆಚ್ಚಿದೆಯೆಂಬುದು ಮಾತ್ರ ಯಾವ ಪುರಾವೆಯೂ ಅಲ್ಲ.

ಬಿಲ್ಲು ಹೇಳಿದ ಸತ್ಯ

ಕಕ್ಷಿದಾರರ ಖರೀದಿ ಬಿಲ್ಲನ್ನು ತೆರೆದು ನೋಡಿದಾಗ ನಿಜಸ್ಥಿತಿ ಅಲ್ಲಿಯೇ ಬರೆದಿತ್ತು. ವಿವರದ ಅಂಕಣದಲ್ಲಿ "ಕಾಟನ್ ಬಟ್ಟೆ" ಎಂದಷ್ಟೇ ಇತ್ತು, ಖಾದಿಯೆಂಬ ಪದವಿರಲಿಲ್ಲ. ಶೇಕಡಾ 5 ಜಿಎಸ್‌ಟಿ ಹಾಕಲಾಗಿತ್ತು. ಖಾದಿಯೆಂದು ಹೇಳಿದ್ದು ದೂರವಾಣಿಯ ಬಾಯಿಮಾತಿನಲ್ಲಿ ಮತ್ತು ಚರಕದ ಚೀಟಿಯಲ್ಲಿ ಮಾತ್ರ.

2017ರ ಸೆಪ್ಟೆಂಬರ್‌ನಲ್ಲಿ ಖಾದಿ ಬಟ್ಟೆಗೆ ದೊರೆತ ಜಿಎಸ್‌ಟಿ ವಿನಾಯಿತಿಯ ಮಾತುಗಳನ್ನು ವರ್ತಕರು ಗಮನವಿಟ್ಟು ಓದಬೇಕು. ವಿನಾಯಿತಿ ಇರುವುದು ಆಯೋಗದ ಮೂಲಕ ಹಾಗೂ ಆಯೋಗದಿಂದ ಪ್ರಮಾಣಿತವಾದ ಸಂಸ್ಥೆ ಮತ್ತು ಮಳಿಗೆಗಳ ಮೂಲಕ ಮಾರಾಟವಾಗುವ ಖಾದಿ ಬಟ್ಟೆಗೆ. ಅಂದರೆ ಬಟ್ಟೆಯೂ ಖಾದಿಯಾಗಿರಬೇಕು, ಮಾರುವವನೂ ಪ್ರಮಾಣಿತನಾಗಿರಬೇಕು. ಪ್ರಮಾಣಿತ ಸಂಸ್ಥೆ ತೆರಿಗೆಯಿಲ್ಲದ ಬಿಲ್ಲನ್ನು ಕೊಡುತ್ತದೆ. ಖಾದಿಯೆಂದು ಹೇಳಿದ ಥಾನಿನ ಬಿಲ್ಲಿನಲ್ಲಿ ತೆರಿಗೆ ಕಂಡರೆ, ಮಾರಿದವನು ತಾನು ಪ್ರಮಾಣಿತನೆಂದು ಹೇಳಿಕೊಂಡಿಲ್ಲವೆಂದೇ ಅರ್ಥ. ತೆರಿಗೆಯಿಲ್ಲದಿರುವುದು ಮಾತ್ರ ಪ್ರಮಾಣಿತನೆಂಬುದಕ್ಕೆ ಸಾಕ್ಷಿಯಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರೂ ನೋಂದಣಿಯಿಲ್ಲದವರೂ ತೆರಿಗೆ ಹಾಕುವುದಿಲ್ಲ.

ಕಕ್ಷಿದಾರರು "ಖಾದಿಗೆ ತೆರಿಗೆಯಿಲ್ಲ" ಎಂದು ಕೇಳಿದ್ದರಿಂದ ಸಂಘಕ್ಕೆ 70,800 ರೂಪಾಯಿಯ ಬಿಲ್ಲನ್ನು ತೆರಿಗೆಯಿಲ್ಲದೆ ಬರೆದಿದ್ದರು. ಮಾಲು ಮರಳದೆ ಹೋಗಿದ್ದರೆ, ಆ ಮೊತ್ತದೊಳಗೇ ತೆರಿಗೆ ಸೇರಿದೆಯೆಂದು ಗಣಿಸಿ 3,371 ರೂಪಾಯಿಯನ್ನು ಅವರು ಕೈಯಿಂದ ಕಟ್ಟಬೇಕಾಗುತ್ತಿತ್ತು. ಖರೀದಿಯ ಮೇಲೆ ಕೊಟ್ಟಿದ್ದ 2,220 ರೂಪಾಯಿಯ ಹೂಡುವಳಿ ತೆರಿಗೆ ಜಮೆ ಅವರಿಗೆ ಸಲ್ಲಬೇಕಾದುದು. ವಿನಾಯಿತಿಯ ಮಾಲೆಂದು ತಿಳಿದು ಅದನ್ನು ಪಡೆದೇ ಇರಲಿಲ್ಲ. ಬಟ್ಟೆ ನಿಜವಾದ ಖಾದಿಯೇ ಆಗಿದ್ದರೂ, ಅವರು ಪ್ರಮಾಣಿತ ಮಳಿಗೆಯವರಲ್ಲದ್ದರಿಂದ ಮಾರಾಟದ ಮೇಲೆ ತೆರಿಗೆ ಹಾಕಲೇಬೇಕಿತ್ತು. ಸಿದ್ಧ ಉಡುಪು ಹೊಲಿದು ಮಾರುವವರಿಗೆ ಇನ್ನೊಂದು ಮಾತು: ವಿನಾಯಿತಿ ಬಟ್ಟೆಗೆ, ಉಡುಪಿಗಲ್ಲ. ಖಾದಿ ಅಂಗಿಗೂ ಉಳಿದ ಉಡುಪುಗಳ ದರವೇ ಅನ್ವಯ. 2025ರ ಸೆಪ್ಟೆಂಬರ್ 22ರಿಂದ ಅದು 2,500 ರೂಪಾಯಿಯವರೆಗಿನ ಉಡುಪಿಗೆ ಶೇಕಡಾ 5, ಅದಕ್ಕೆ ಮೇಲ್ಪಟ್ಟರೆ ಶೇಕಡಾ 18.

ತೆರಿಗೆಗಿಂತ ಗಂಭೀರವಾದುದು ಸುಳ್ಳು ವಿವರಣೆಯ ಪ್ರಶ್ನೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಲ್ಲಿ ಸುಳ್ಳು ವ್ಯಾಪಾರ ವಿವರಣೆಯುಳ್ಳ ಮಾಲನ್ನು ಮಾರುವುದು ಅಪರಾಧ. ಕನಿಷ್ಠ ಶಿಕ್ಷೆಯೇ ಸಾಮಾನ್ಯವಾಗಿ 6 ತಿಂಗಳ ಕಾರಾವಾಸ ಮತ್ತು 50,000 ರೂಪಾಯಿ ದಂಡ. ಆದರೆ ಅದೇ ಅಧಿನಿಯಮದ 104ನೆಯ ಕಲಮು ಪ್ರಾಮಾಣಿಕ ವರ್ತಕನಿಗೆ ಒಂದು ರಕ್ಷಣೆಯನ್ನೂ ಕೊಟ್ಟಿದೆ. ತಾನು ಯೋಗ್ಯವಾದ ಎಲ್ಲ ಮುನ್ನೆಚ್ಚರಿಕೆ ವಹಿಸಿದ್ದೆ, ಸಂಶಯಕ್ಕೆ ಕಾರಣವಿರಲಿಲ್ಲ, ಮಾಲು ಎಲ್ಲಿಂದ ಬಂತೆಂಬ ಮಾಹಿತಿಯನ್ನು ಕೇಳಿದಾಗ ಕೊಟ್ಟಿದ್ದೇನೆ ಎಂದು ಸಿದ್ಧಪಡಿಸಿದರೆ ಅವನು ಪಾರಾಗಬಹುದು. ಬಾಯಿಮಾತಿನಿಂದ ಇದನ್ನು ಸಿದ್ಧಪಡಿಸಲಾಗದು. ಪ್ರಮಾಣಪತ್ರದ ಪ್ರತಿ, "ಖಾದಿ" ಎಂದು ಸ್ಪಷ್ಟವಾಗಿ ಬರೆದ ಬಿಲ್ಲು, ಥಾನಿನ ಚೀಟಿ ಮತ್ತು ಪರೀಕ್ಷಿಸಿದ ತುಂಡು, ಇವು ಒಂದೇ ಕಡತದಲ್ಲಿದ್ದರೆ ಅದೇ ಮುನ್ನೆಚ್ಚರಿಕೆಯ ಸಾಕ್ಷಿ.

ಕಕ್ಷಿದಾರರು ಸಂಘಕ್ಕೆ ಕ್ರೆಡಿಟ್ ನೋಟು ಕೊಟ್ಟು, ಮರಳಿ ಬಂದ ಬಟ್ಟೆಯನ್ನು ಸಾದಾ ಹತ್ತಿ ಬಟ್ಟೆಯೆಂದೇ ಬರೆದು, ತೆರಿಗೆ ಹಾಕಿ ಕಡಿಮೆ ಬೆಲೆಗೆ ಮಾರಿದರು. ಲಾಭದ ಬಹುಭಾಗ ಹೋಯಿತು. ಅಂಗಡಿಯ ಹೆಸರು ಉಳಿಯಿತು. ಸಗಟು ವ್ಯಾಪಾರಿಯ ಮೇಲೆ ಕ್ರಮಕ್ಕೆ ಆಧಾರವಿರಲಿಲ್ಲ, ಏಕೆಂದರೆ ಅವನ ಬಿಲ್ಲಿನಲ್ಲಿ ಸುಳ್ಳೇ ಇರಲಿಲ್ಲ, ಚೀಟಿ ಹಚ್ಚಿದವರು ಯಾರೆಂಬುದಕ್ಕೂ ಪುರಾವೆಯಿರಲಿಲ್ಲ.

ಈಗ ಅವರ ಅಂಗಡಿಯಲ್ಲಿ ಒಂದು ಕ್ರಮ ರೂಢಿಯಾಗಿದೆ. ಖಾದಿಯೆಂದು ಬಂದ ಮಾಲಿಗೆ ಮೊದಲು ಚೀಟಿ ಮತ್ತು ಪ್ರಮಾಣಪತ್ರ ನೋಡುತ್ತಾರೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇದ್ದರೆ ಒಗೆದ ತುಂಡಿನಿಂದ ಉದ್ದ ಹಾಗೂ ಅಡ್ಡ ಎಳೆ ಬಿಡಿಸಿ ಕಪ್ಪು ಕಾಗದದ ಮೇಲೆ ಇಡುತ್ತಾರೆ. ಆಮೇಲೆ ಲಡಿಯ ಲೆಕ್ಕ ಹಾಕಿ ಬೆಲೆ ಕೂಡುತ್ತದೆಯೇ ನೋಡಿ, ಕೊನೆಗೆ ಬಿಲ್ಲಿನ ಪದಗಳನ್ನು ಓದುತ್ತಾರೆ. ಎಳೆಯ ಪರೀಕ್ಷೆ ಸುಳ್ಳನ್ನು ಹಿಡಿದುಕೊಡಬಲ್ಲದು. ಸತ್ಯವನ್ನು ಸಿದ್ಧಪಡಿಸಲು ಅದೊಂದೇ ಸಾಲದು, ಕಾಗದಪತ್ರವೂ ಬೇಕು. ಕಾಗದಪತ್ರ ಸರಿಯಿದ್ದು ಎಳೆ ಒಪ್ಪದಿದ್ದರೂ ಮಾಲು ಹಿಂದಿರುಗಿಸಬೇಕು. ಇಷ್ಟಕ್ಕೆಲ್ಲ ಹಿಡಿಯುವ ಕಾಲ, ತುಂಡು ಒಣಗುವ ಹೊತ್ತನ್ನು ಬಿಟ್ಟರೆ, ಅರ್ಧ ಗಂಟೆ. ಮಳೆಗಾಲದಲ್ಲಿ ಮಾತ್ರ ಒಂದು ದಿನ ಬಿಸಿಲಿಗೆ ಕಾಯಬೇಕು.